ಅರ್ಧಕ್ಕೇ ನಿಲ್ಲುತ್ತಿದ್ದ ಕ್ರಿಯೆ, ದಾರಿಯ ನಡುವಿನ ಪಿಕೆಎ: ನನ್ನ ಅನುಭವ

ನಮ್ಮ ಎಸ್ಟರೇಸ್ ಕ್ರಿಯೆ ಈಗ ಹತ್ತಿರ ಹತ್ತಿರ ಪೂರ್ತಿ ಮುಗಿಯುತ್ತದೆ. ಈಥೈಲ್ ಬ್ಯುಟಿರೇಟ್ 20 ಮಿಲಿಮೋಲಾರ್ ಹಾಕಿದರೆ ಕೊನೆಗೆ ಉಳಿಯುವುದು ಒಂದು ಮಿಲಿಮೋಲಾರಿಗಿಂತ ಕಡಿಮೆ. ಮೊದಲು ಅದೇ ಕಿಣ್ವ, ಅದೇ ಎಸ್ಟರ್, ಅದೇ 25 ಡಿಗ್ರಿ. ಆದರೂ ಕ್ರಿಯೆ ಅರ್ಧ ದಾರಿಗೆ ಬಂದು ಕೂತುಬಿಡುತ್ತಿತ್ತು. ನಾನು ಬದಲಿಸಿದ್ದು ಬಫರ್ ಒಂದನ್ನೇ. ಹೀಗೆ ಮಾಡುತ್ತೇನೆ ಅಂದಾಗ ನಂಬಿದವರು ಕಡಿಮೆ, ಹಾಗಾಗಿ ಲೆಕ್ಕದ ಸಮೇತ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಬರೆದವು, ಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ನಮಗೆ ಸಿಕ್ಕಿದ್ದ ಹಳೆಯ ವಿಧಾನದಲ್ಲಿ 50 ಮಿಲಿಮೋಲಾರ್ ಟ್ರಿಸ್, ಪಿಎಚ್ 7.5 ಎಂದಿತ್ತು. ಕಿಣ್ವ ಚೆನ್ನಾಗಿ ದುಡಿಯುವುದು 7.0ರಿಂದ 7.6ರೊಳಗೆ, 6.5ಕ್ಕಿಂತ ಕೆಳಗೆ ಅದು ಬಹುತೇಕ ಸುಮ್ಮನಾಗುತ್ತದೆ. ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ನೋಡಿದರೆ ಎಸ್ಟರ್ ಚುರುಕಾಗಿ ಇಳಿದು, 10 ಮಿಲಿಮೋಲಾರ್ ಹತ್ತಿರ ಬಂದಾಗ ರೇಖೆ ಮಲಗುತ್ತಿತ್ತು. ಎಲ್ಲರೂ ಬೈದದ್ದು ಕಿಣ್ವವನ್ನು. ಹೊಸ ಬ್ಯಾಚ್ ತರಿಸಲಾಯಿತು, ಅದೂ ಅಲ್ಲೇ ನಿಂತಿತು. ದುಪ್ಪಟ್ಟು ಕಿಣ್ವ ಹಾಕಿದರೆ ಬೇಗ ಅಲ್ಲಿಗೆ ಬಂದು ನಿಂತಿತು, ಅಷ್ಟೇ ವ್ಯತ್ಯಾಸ. ಈ ಕೆಲಸದಲ್ಲಿ ದುಬಾರಿಯಾದದ್ದು ಕಿಣ್ವವೇ. ವರ್ಷವಿಡೀ ಬಳಸುವ ಬಫರ್ ಪುಡಿಯ ಖರ್ಚು ಒಂದು ಬ್ಯಾಚ್ ಕಿಣ್ವದ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಅಂಥ ಕಿಣ್ವವನ್ನು ಸುರಿದು, ಪುಡಿಯಲ್ಲಿ ಉಳಿತಾಯ ಮಾಡುತ್ತಿದ್ದೆವು.

ದಾರಿ ತೋರಿಸಿದ್ದು ಒಂದು ಸಣ್ಣ ಪರೀಕ್ಷೆ. ನಿಂತುಹೋದ ಒಂದು ಸೀಸೆಗೆ ಹೊಸ ಕಿಣ್ವ, ಇನ್ನೊಂದಕ್ಕೆ ಕೆಲವು ಮೈಕ್ರೋಲೀಟರ್ ಸೋಡಿಯಂ ಹೈಡ್ರಾಕ್ಸೈಡ್ ಮಾತ್ರ. ಮೊದಲನೆಯದು ಅಲ್ಲಾಡಲಿಲ್ಲ. ಎರಡನೆಯದು ಮತ್ತೆ ಓಡಲು ಶುರುಮಾಡಿತು. ನಿಂತ ಸೀಸೆಯ ಪಿಎಚ್ ಅಳೆದರೆ 6.3ರ ಆಸುಪಾಸು. ಕಿಣ್ವ ಸತ್ತಿರಲಿಲ್ಲ. ತನ್ನಿಂದಲೇ ಹುಟ್ಟಿದ ಬ್ಯುಟಿರಿಕ್ ಆಮ್ಲ ಅದನ್ನು ಕೂರಿಸಿತ್ತು.

ಆಗ ಎದ್ದ ಆಕ್ಷೇಪಣೆ ತಳ್ಳಿಹಾಕುವಂಥದ್ದಲ್ಲ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, "ಟ್ರಿಸ್‌ನ ಪಿಕೆಎ 8.06, ನೀವು ಇಟ್ಟಿರುವುದು 7.5. ಆಚೆ ಈಚೆ ಒಂದರೊಳಗೇ ಇದೆಯಲ್ಲ? ಬಫರ್ ಮೇಲೆ ಯಾಕೆ ಅನುಮಾನ?" ಅಂದರು. ಪಿಕೆಎಯಿಂದ ಒಂದು ಘಟಕದೊಳಗೆ ಇದ್ದರೆ ಸಾಕು ಅನ್ನುವ ಈ ನಿಯಮ ನಮಗೆಲ್ಲ ಬಾಯಿಪಾಠ. ಅದು ಎಲ್ಲಿ ಕೈಕೊಡುತ್ತದೆ ಎಂದು ನೋಡಲು ವ್ಯಾನ್ ಸ್ಲೈಕ್ 1922ರಲ್ಲಿ ಕೊಟ್ಟ ಬಫರ್ ಸಾಮರ್ಥ್ಯದ ಲೆಕ್ಕಕ್ಕೇ ಹೋಗಬೇಕು. ನಾನು ಬಳಸುವ ರೂಪ ಇದು:

```
β = 2.303 × C × x × (1 − x)
```

C ಅಂದರೆ ಬಫರಿನ ಒಟ್ಟು ಸಾರತೆ, x ಅಂದರೆ ಅದರಲ್ಲಿ ಪ್ರತ್ಯಾಮ್ಲ ರೂಪದಲ್ಲಿರುವ ಪಾಲು. ನೀರಿನದೇ ಆದ ಪಾಲು ಈ ಪಿಎಚ್‌ನಲ್ಲಿ ನಗಣ್ಯ, ಬಿಟ್ಟಿದ್ದೇನೆ. ಎರಡು ಪಾಲುಗಳ ಮೊತ್ತ ಒಂದೇ ಆಗಿರುವುದರಿಂದ ಅವುಗಳ ಗುಣಲಬ್ಧ ಅತಿ ಹೆಚ್ಚಾಗುವುದು ಎರಡೂ ಅರ್ಧರ್ಧ ಇದ್ದಾಗ, ಅಂದರೆ ಪಿಎಚ್ ಪಿಕೆಎಗೆ ಸಮನಾದಾಗ. ಪಿಎಚ್ ನೋಡುವುದು ಎರಡು ರೂಪಗಳ ಅನುಪಾತವನ್ನು ಮಾತ್ರ. 50ಕ್ಕೆ 50 ಇರುವಲ್ಲಿ ಒಂದನ್ನು ಆ ಕಡೆಯಿಂದ ಈ ಕಡೆಗೆ ಹಾಕಿದರೆ ಅನುಪಾತ ಅಷ್ಟಾಗಿ ಕದಲುವುದಿಲ್ಲ. 3ಕ್ಕೆ 97 ಇರುವಲ್ಲಿ ಅದೇ ಒಂದನ್ನು ತೆಗೆದರೆ ಮೂರನೇ ಒಂದು ಭಾಗವೇ ಹೋಯಿತು. ಶಿಖರದಲ್ಲಿ ಸಾಮರ್ಥ್ಯ 0.576 ಇಂಟು C. ಒಂದು ಘಟಕ ದೂರದಲ್ಲಿ ಅದರ ಮೂರನೇ ಒಂದರಷ್ಟು. ಎರಡು ಘಟಕ ದೂರದಲ್ಲಿ ನೂರಕ್ಕೆ ನಾಲ್ಕು.

ಈಗ ಟ್ರಿಸ್‌ಗೆ ಬನ್ನಿ. 7.5ರಲ್ಲಿ ಅದರ ಪ್ರತ್ಯಾಮ್ಲ ಪಾಲು ನೂರಕ್ಕೆ 22ರಷ್ಟು. 50 ಮಿಲಿಮೋಲಾರಿಗೆ ಸಾಮರ್ಥ್ಯ ಸುಮಾರು 19, ಶಿಖರದ ಮೂರನೇ ಎರಡು ಭಾಗ. ಕಾಗದದ ಮೇಲೆ ಕೆಟ್ಟದ್ದೇನಲ್ಲ, ಹಿರಿಯರು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆದರೆ ಈ ಅಂಕಿ ಹೊರಟ ಜಾಗದ್ದು ಮಾತ್ರ. ನಮ್ಮ ಕ್ರಿಯೆ ಆಮ್ಲ ಬಿಡುತ್ತದೆ, ಪಿಎಚ್ ಕೆಳಕ್ಕೆ ಹೋಗುತ್ತದೆ, ಟ್ರಿಸ್‌ನ ಶಿಖರ ಇರುವುದು ಮೇಲೆ. ಒಂದೊಂದು ಹೆಜ್ಜೆಗೂ ಶಿಖರದಿಂದ ದೂರ. 6.5ಕ್ಕೆ ಬರುವಷ್ಟರಲ್ಲಿ 19 ಇದ್ದದ್ದು 3 ಆಗಿರುತ್ತದೆ. ಆಮ್ಲವನ್ನು ಹಿಡಿಯಲು ಇದ್ದ ಪ್ರತ್ಯಾಮ್ಲವೇ ಒಟ್ಟು 10.8 ಮಿಲಿಮೋಲಾರ್, 10 ಮಿಲಿಮೋಲಾರ್ ಆಮ್ಲ ಹುಟ್ಟಿದಾಗ ಉಳಿದದ್ದು 0.8, ಪಿಎಚ್ 6.27. ಸೀಸೆಯಲ್ಲಿ ಕಂಡದ್ದೂ ಅದೇ, ನಿಂತ ಜಾಗವೂ ಅದೇ. ಲೆಕ್ಕ ಇಷ್ಟು ಚೆನ್ನಾಗಿ ಕೂಡಿಬಂದಾಗ ನನಗೆ ಆದ ಸಂತೋಷ ಸಣ್ಣದಲ್ಲ.

"ಹಾಗಾದರೆ ಟ್ರಿಸ್ಸನ್ನೇ ದುಪ್ಪಟ್ಟು ಮಾಡಿ" ಎಂಬ ಸಲಹೆ ಬಂತು. ಮಾಡಿದೆವು. 100 ಮಿಲಿಮೋಲಾರಿನಲ್ಲಿ ಪ್ರತ್ಯಾಮ್ಲ 21.6, ಪೂರ್ತಿ 20 ಆಮ್ಲ ಹುಟ್ಟಿದರೆ ಉಳಿಯುವುದು 1.6, ಪಿಎಚ್ ಮತ್ತೆ ಅದೇ 6.27. ಕ್ರಿಯೆ ಮುಂದೆ ಹೋಯಿತು, ಆದರೆ ಕೊನೆಯ ಭಾಗ ತೆವಳುತ್ತಾ ಮುಗಿಯಿತು. ಫಾಸ್ಫೇಟ್ ಅಗ್ಗ, ಪಿಕೆಎಯೂ ಹತ್ತಿರ; ಆದರೆ ನಮ್ಮ ಕಿಣ್ವಕ್ಕೆ ಕ್ಯಾಲ್ಸಿಯಂ ಬೇಕು, ಎರಡೂ ಸೇರಿದ ಕೂಡಲೇ ದ್ರಾವಣ ಬೆಳ್ಳಗೆ ಮಸುಕಾಯಿತು. ಪಿಎಚ್-ಸ್ಟ್ಯಾಟ್ ಯಂತ್ರ ಇಡಿ ಅಂದವರಿದ್ದರು. ಎರಡು ಮಿಲಿಲೀಟರಿನ ಸಾಲು ಸಾಲು ಸೀಸೆಗಳಿಗೆ ಒಂದೊಂದು ಯಂತ್ರ ತರಲು ಯಾರ ಹತ್ತಿರವೂ ಹಣವಿಲ್ಲ.

ನಾನು ಹಿಡಿದದ್ದು ಮಾಪ್ಸ್, ಪಿಕೆಎ 7.2. ಕೆಲಸದ ಪಿಎಚ್ 7.5 ಆದರೆ 7.5ರ ಪಿಕೆಎ ಇರುವ ಹೆಪೆಸ್ ತಾನೇ ಸರಿ ಎಂದು ಎಲ್ಲರೂ ಕೇಳಿದರು. ನನ್ನ ಮಾತು ಇದು: ಶಿಖರ ಹೊರಡುವ ಜಾಗದಲ್ಲಿರಬೇಕಿಲ್ಲ, ದಾರಿಯ ನಡುವೆ ಇರಬೇಕು. ಮಾಪ್ಸ್ 7.5ರಿಂದ ಹೊರಟಾಗ ಪ್ರತ್ಯಾಮ್ಲ ಮೂರನೇ ಎರಡು ಪಾಲು, ಅಂದರೆ ಬರುವ ಆಮ್ಲಕ್ಕೆ ತುಂಬಿದ ದಾಸ್ತಾನು. ಆಮ್ಲ ಹುಟ್ಟಿದಂತೆ ಅದು ಶಿಖರದ ಕಡೆಗೇ ನಡೆಯುತ್ತದೆ, ಸಾಮರ್ಥ್ಯ ಹೆಚ್ಚುತ್ತಾ ಹೋಗುತ್ತದೆ. 100 ಮಿಲಿಮೋಲಾರಿನಲ್ಲಿ ಹೊರಡುವಾಗ 66.6ಕ್ಕೆ 33.4, 20 ಆಮ್ಲ ಬಂದ ಮೇಲೆ 46.6ಕ್ಕೆ 53.4; ಪಿಎಚ್ 7.14. ನಮಗೆ ಬೇಕಾದ ಕಿಟಕಿಯೊಳಗೇ ಮುಗಿಯಿತು. ಹೆಪೆಸ್‌ನಲ್ಲೂ ಮಾಡಿ ನೋಡಿದೆ: 50ಕ್ಕೆ 50ರಿಂದ 30ಕ್ಕೆ 70, ಪಿಎಚ್ 7.13. ಅಂದರೆ ನಮ್ಮ ದಾರಿಯಷ್ಟು ಉದ್ದಕ್ಕೆ ಎರಡೂ ಸಮ. ಆದರೆ ಆಮ್ಲ ಇನ್ನೂ ಹೆಚ್ಚಾದರೆ ಹೆಪೆಸ್ ಮೊದಲು ಸೋಲುತ್ತದೆ. ಅದರ ದಾಸ್ತಾನು 50, ಮಾಪ್ಸ್‌ನದು 66.

ಒಟ್ಟು ಸಾರತೆ ಎಷ್ಟಿರಬೇಕು ಎಂಬುದನ್ನು ಊಹೆಗೆ ಬಿಡಲಿಲ್ಲ. ಅದೇ ಮಾಪ್ಸ್, ಅದೇ 7.5, ಅದೇ 20 ಆಮ್ಲ: 50 ಮಿಲಿಮೋಲಾರಿನಲ್ಲಿ ಪಿಎಚ್ 0.74 ಇಳಿಯಿತು, 100ರಲ್ಲಿ 0.36, 200ರಲ್ಲಿ 0.18. ದುಪ್ಪಟ್ಟಾದಂತೆಲ್ಲ ಕುಸಿತ ಹತ್ತಿರ ಹತ್ತಿರ ಅರ್ಧ. ಸೂತ್ರದಲ್ಲಿ C ನೇರ ಗುಣಕವಾಗಿ ಕೂತಿರುವುದರ ಅರ್ಥ ಇಷ್ಟೇ. 200 ಇನ್ನೂ ಒಳ್ಳೆಯದಲ್ಲವೇ ಅಂದರೆ, ಅಲ್ಲ. ಲವಣಾಂಶ ಏರಿ ಕಿಣ್ವದ ಆರಂಭದ ವೇಗ ಐದರಲ್ಲೊಂದು ಪಾಲು ಇಳಿಯಿತು, ಮುಂದಿನ ಹಂತದಲ್ಲಿ ಲವಣ ತೆಗೆಯುವ ಕಾಲಮ್ಮಿಗೂ ಕೆಲಸ ಜಾಸ್ತಿ. ಮಾಪ್ಸ್ ಟ್ರಿಸ್‌ಗಿಂತ ಹಲವು ಪಟ್ಟು ದುಬಾರಿ, ಅದೂ ಇದೆ. 75ರಲ್ಲಿ ಕೊನೆಯ ಪಿಎಚ್ 7.02, ಅಂಚಿನ ಮೇಲೆ ನಡೆದಂತೆ. ಹಾಗಾಗಿ 100ಕ್ಕೆ ನಿಂತೆ.

ತಯಾರಿಸುವುದು ನಿಮಗೆ ಗೊತ್ತಿರುವುದೇ: ಲೀಟರಿಗೆ 20.9 ಗ್ರಾಂ ಮಾಪ್ಸ್ ಆಮ್ಲ, ಸೋಡಿಯಂ ಹೈಡ್ರಾಕ್ಸೈಡಿನಿಂದ 7.5ಕ್ಕೆ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಹಾಕಿದ ಹೈಡ್ರಾಕ್ಸೈಡ್ ಎಷ್ಟೆಂದು ಬರೆದಿಟ್ಟುಕೊಳ್ಳಿ. ಲೀಟರಿಗೆ 67 ಮಿಲಿಮೋಲ್ ಹತ್ತಿರ ಬೇಕು. ಮೀಟರ್ 7.5 ತೋರಿಸಿಯೂ ಹೋದದ್ದು 35 ಮಾತ್ರ ಆಗಿದ್ದರೆ ಪುಡಿ ಅರ್ಧವೇ ಬಿದ್ದಿದೆ. ಪಿಎಚ್ ಮೀಟರಿಗೆ ಸಾರತೆ ಕಾಣುವುದಿಲ್ಲ.

ಇದನ್ನು ಕಿರಿಯರಿಗೆ ತೋರಿಸಲು ಪಕ್ಕದಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. 7.2ರಲ್ಲಿರುವ 100 ಮಿಲಿಮೋಲಾರ್ ಮಾಪ್ಸನ್ನು ಹತ್ತು ಪಟ್ಟು ತೆಳುಮಾಡಿದೆ. ಮೀಟರಿನ ಅಂಕಿ ಅಷ್ಟಾಗಿ ಬದಲಾಗಲಿಲ್ಲ. ಎರಡರಿಂದಲೂ 50 ಮಿಲಿಲೀಟರ್ ತೆಗೆದು ತಲಾ ಅರ್ಧ ಮಿಲಿಲೀಟರ್ ಒಂದು ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದೆ. ಮೊದಲನೆಯದು 7.0ಕ್ಕೆ ಬಂತು. ತೆಳುವಾದದ್ದು 2.3ರ ಹತ್ತಿರಕ್ಕೆ ಬಿತ್ತು, ಏಕೆಂದರೆ ಅದರಲ್ಲಿದ್ದ ಪ್ರತ್ಯಾಮ್ಲ 5 ಮಿಲಿಮೋಲಾರ್, ಬಂದ ಆಮ್ಲ 10. ಇದನ್ನು ಕಣ್ಣಾರೆ ಕಂಡವರು ಬಫರ್ ತೆಳುಮಾಡಿ ಬಳಸುವುದನ್ನು ನಿಲ್ಲಿಸಿದರು.

ಕುತೂಹಲಕ್ಕೆ ಟ್ರಿಸ್ಸನ್ನು 37 ಡಿಗ್ರಿಯಲ್ಲೂ ಓಡಿಸಿದೆ. ಅದರ ಪಿಕೆಎ ಒಂದು ಡಿಗ್ರಿಗೆ ಸುಮಾರು 0.028 ಇಳಿಯುತ್ತದೆ, 37ರಲ್ಲಿ 7.7ರ ಸಮೀಪ. ಆ ಬಿಸಿಯಲ್ಲೇ ಪಿಎಚ್ 7.5ಕ್ಕೆ ಹೊಂದಿಸಿದರೆ ಟ್ರಿಸ್ ಗಮನಾರ್ಹವಾಗಿ ಸುಧಾರಿಸಿತು. 25ರಲ್ಲಿ ಹೊಂದಿಸಿ 37ಕ್ಕೆ ಇಟ್ಟರೆ ಆರಂಭವೇ 7.2ರ ಕೆಳಗೆ ಹೋಗುತ್ತದೆ. ನಮ್ಮ ಕಿಣ್ವ ಆ ಬಿಸಿಯಲ್ಲಿ ಬಹಳ ಹೊತ್ತು ಬಾಳುವುದಿಲ್ಲವಾದ್ದರಿಂದ ಮುಂದುವರಿಸಲಿಲ್ಲ. ಕ್ಯಾಲ್ಸಿಯಂ ಯಾವಾಗ, ಎಸ್ಟರ್ ಯಾವ ಕ್ರಮದಲ್ಲಿ ಸೇರಿಸುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಕೊನೆಯ ಕೆಲವು ಶೇಕಡಾ ಬರುವುದು ಅಲ್ಲಿಂದ.

ಈ ವಿಧಾನದ ಗಡಿಯೂ ಲೆಕ್ಕದಲ್ಲೇ ಇದೆ. ಎಸ್ಟರ್ 40 ಮಿಲಿಮೋಲಾರಿಗೆ ಏರಿಸಿದರೆ 100ರ ಮಾಪ್ಸ್ 26.6ಕ್ಕೆ 73.4 ಆಗಿ 6.76ಕ್ಕೆ ಬಂದು ನಿಲ್ಲುತ್ತದೆ. ಆಗ 200ಕ್ಕೆ ಹೋಗಿ ವೇಗದ ನಷ್ಟ ಒಪ್ಪಿಕೊಳ್ಳಬೇಕು, ಇಲ್ಲವೇ ಎಸ್ಟರನ್ನು ಎರಡು ಕಂತಿನಲ್ಲಿ ಹಾಕಿ ನಡುವೆ ಲೆಕ್ಕ ಹಾಕಿದಷ್ಟು ಹೈಡ್ರಾಕ್ಸೈಡ್ ಕೊಡಬೇಕು. ನಾನು ಈಗ ಎರಡನೆಯದನ್ನು ಮಾಡುತ್ತಿದ್ದೇನೆ.