ಪೇಂಟ್ ಗೇಜ್ ನಂಬಿ ಕೆಟ್ಟೆ, ಸೀಟ್‌ಬೆಲ್ಟ್ ಎಳೆದು ಉಳಿದೆ

"ಸೀಟ್ ಕೆಳಗೆ ತಲೆ ತೂರಿಸಿ ಏನು ಹುಡುಕ್ತೀಯ ಮಾರಾಯ, ಎಂಜಿನ್ ನೋಡು ಸಾಕು." ನನ್ನ ಜೊತೆ ಹಳೇ ಕಾರುಗಳ ವ್ಯಾಪಾರ ಮಾಡುವವರು ಹೀಗೇ ನಗುತ್ತಿದ್ದರು. ಈಗ ಅವರೇ ಫೋನ್ ಮಾಡಿ ಕರೆಯುತ್ತಾರೆ. ಹಾಗಾಗಿ ಏಟು ಬಿದ್ದು ರಿಪೇರಿಯಾದ ಕಾರು, ನೀರಲ್ಲಿ ಮುಳುಗಿದ ಕಾರು ಹೇಗೆ ಪತ್ತೆ ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ, ಸ್ವಲ್ಪ ಜಂಬ ಅಂದುಕೊಂಡರೂ ಪರವಾಗಿಲ್ಲ.

ಮೊದಲು ಸೋತ ಕಥೆ. ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್ ಹೊಸದಾಗಿ ಕೊಂಡಾಗ ಒಂದು ಕಾರಿನ ಪ್ರತಿ ಪ್ಯಾನೆಲ್‌ನ ನಡುವೆ ಒಂದೊಂದು ಸಲ ಇಟ್ಟು ನೋಡಿದೆ. ಎಲ್ಲ ಕಡೆ 110, 120 ಮೈಕ್ರಾನ್. ಕಂಪನಿ ಬಣ್ಣವೇ ಅಂತ ಖುಷಿಯಿಂದ ಕೊಂಡೆ. ತಿಂಗಳಲ್ಲಿ ಹಿಂದಿನ ಚಕ್ರದ ಕಮಾನಿನ ಹತ್ತಿರ ಪುಟ್ಟಿ ಬಿರುಕು ಬಿಟ್ಟಿತು. ಅಲ್ಲಿ ಗೇಜ್ ಇಟ್ಟರೆ 900 ದಾಟಿತು! ಲಾಭ ಹೋಯಿತು, ಕಾರಿನ ಬೆಲೆಯ ಕಾಲುಭಾಗದಷ್ಟು ಕೈಯಿಂದಲೂ ಹೋಯಿತು.

ಅಲ್ಲಿಂದ ಮೊದಲು ಛಾವಣಿ ಅಳೆಯುತ್ತೇನೆ. ಅಲ್ಲಿ ಏಟು ಬೀಳುವುದು ಕಡಿಮೆ, ಹಾಗಾಗಿ ಆ ಕಾರಿಗೆ ಅದೇ ನನ್ನ ಅಳತೆಗೋಲು. ಆಮೇಲೆ ಒಂದೊಂದು ಪ್ಯಾನೆಲ್‌ಗೆ ಐದಾರು ಕಡೆ, ಅದರಲ್ಲೂ ಕೆಳ ಅಂಚು ಮತ್ತು ಕಮಾನು. ಗುಜರಿಯಿಂದ ಒಂದು ಡೋರ್ ತಂದು ಸುಮ್ನೆ ಸಲಕ್ಕೊಂದು ಕೋಟ್ ಹೊಡೆದು ಅಳೆದೆ. ಪೂರ್ತಿ ಒಂದು ಸಲ ಪೇಂಟ್ ಮಾಡಿದರೆ ಹತ್ತಿರ ಹತ್ತಿರ ನೂರು ಮೈಕ್ರಾನ್ ಏರಿತು. ಪುಟ್ಟಿ ಮೆತ್ತಿದರೆ ಲೆಕ್ಕವೇ ತಪ್ಪಿತು. ಛಾವಣಿ 110 ಇದ್ದು ಡೋರ್ 220 ಇದ್ದರೆ ಬರೀ ಗೀರು ಮುಚ್ಚಿರಬಹುದು. 500 ದಾಟಿದರೆ ಒಳಗೆ ಪುಟ್ಟಿ ಇದೆ ಅಂತಲೇ ನಾನು ಹಿಡಿಯುವುದು.

ಆದರೆ ಗುಜರಿಯಿಂದ ಅದೇ ಬಣ್ಣದ ಫೆಂಡರ್ ತಂದು ಕೂರಿಸಿದರೆ ಗೇಜ್ ಏನೂ ಹೇಳಲ್ಲ. ಅಲ್ಲಿ ಸಂದು ನೋಡಬೇಕು. ಬಾನೆಟ್ ಪಕ್ಕದ ಸಂದು ಒಂದು ತುದಿಯಲ್ಲಿ 3 ಮಿಲಿಮೀಟರ್, ಇನ್ನೊಂದು ತುದಿಯಲ್ಲಿ 5 ಅಂದರೆ ನಾನು ಕೂಡಲೇ ಬೋಲ್ಟ್ ಕಡೆ ತಿರುಗುತ್ತೇನೆ. ಸ್ಪ್ಯಾನರ್ ಬಿದ್ದ ತಲೆಯ ಮೂಲೆಯಲ್ಲಿ ಬಣ್ಣ ಎದ್ದಿರುತ್ತದೆ.

ಈಗ ಆ ಬೆಳ್ಳಿ ಬಣ್ಣದ ಸೆಡಾನ್ ವಿಷಯ. ಪೇಂಟ್ ಎಲ್ಲ ಕಡೆ 100ರಿಂದ 125. ಸಂದುಗಳು ಸಮ. ಬೆಲೆ ಮಾರ್ಕೆಟ್‌ಗಿಂತ ಐದನೇ ಒಂದು ಭಾಗ ಕಡಿಮೆ. ಒಳಗೆ ಸೆಂಟಿನ ವಾಸನೆ ಮಾತ್ರ ಜಾಸ್ತಿಯೇ ಇತ್ತು. ಡ್ರೈವರ್ ಸೀಟ್‌ಬೆಲ್ಟನ್ನು ಕೊನೆವರೆಗೂ ಎಳೆದೆ. ಕೊನೆಯ ಒಂದು ಗೇಣಿನಷ್ಟು ಬೆಲ್ಟ್ ಗಡುಸಾಗಿತ್ತು, ಮೇಲೆ ಮಸುಕಾದ ಕಂದು ಕಲೆ, ಉಗುರಲ್ಲಿ ಕೆರೆದರೆ ನಯವಾದ ಮಣ್ಣು. ರೀಲು ಇರುವುದು ಪಿಲ್ಲರ್‌ನ ಬುಡದಲ್ಲಿ, ನೀರು ಬೇಗ ಮುಟ್ಟುವ ಜಾಗ. ತೊಳೆಯುವವರು ಹೊರಗೆ ಕಾಣುವಷ್ಟನ್ನು ಮಾತ್ರ ತೊಳೆಯುತ್ತಾರೆ. "ಟೀ ಚೆಲ್ಲಿತ್ತು" ಅಂದರು ಮಾರುವವರು. ರೀಲಿನ ಒಳಗೆ ಹೇಗೆ ಚೆಲ್ಲುತ್ತೆ ಸ್ವಾಮಿ?

ಸೀಟನ್ನು ಮುಂದೆ ತಳ್ಳಿ ಟಾರ್ಚ್ ಬಿಟ್ಟೆ. ಕಾರಿನ ಅಡಿಭಾಗದಲ್ಲಿ ತುಕ್ಕು ಇದ್ದರೆ ನಾನು ತಲೆ ಕೆಡಿಸಿಕೊಳ್ಳಲ್ಲ, ಹಳೇ ಕಾರಿಗೆ ಅದು ಸಹಜ. ಸೀಟಿನ ಸ್ಪ್ರಿಂಗ್‌ನಲ್ಲಿ ತುಕ್ಕು ಅಂದರೆ ಅದು ಬೇರೆ ಮಾತು. ಇಲ್ಲಿ ಅದೂ ಇತ್ತು, ಸೀಟ್ ಬೋಲ್ಟ್‌ಗಳ ಮೇಲೆ ಸ್ಪ್ಯಾನರ್ ಗುರುತೂ ಇತ್ತು. ಕಾರ್ಪೆಟ್ ಒಣಗಿಸಲು ಸೀಟ್ ಬಿಚ್ಚಿದ್ದಾರೆ. ಕೆಳಗಿನ ಕನೆಕ್ಟರ್‌ನ ಪಿನ್ ಮೇಲೆ ಹಸಿರು ಕಿಲುಬು. (ಹಳದಿ ಕನೆಕ್ಟರ್ ಏರ್‌ಬ್ಯಾಗ್‌ದು, ಅದನ್ನು ಹಾಗೇ ಎಳೆಯಬೇಡಿ.)

ಕಿಲುಬಿನ ಬಗ್ಗೆ ಮನೆಯಲ್ಲೇ ಒಂದು ಪ್ರಯೋಗ ಮಾಡಿದ್ದೆ. ಎರಡು ಹಳೇ ಕನೆಕ್ಟರ್‌ಗಳನ್ನು ಉಪ್ಪುನೀರಲ್ಲಿ ಹಾಕಿ, ಒಂದಕ್ಕೆ ಮಾತ್ರ ಬ್ಯಾಟರಿ ಕೊಟ್ಟೆ. ಕರೆಂಟ್ ಇದ್ದದ್ದು ರಾತ್ರಿ ಕಳೆಯುವಷ್ಟರಲ್ಲಿ ಹಸಿರು. ಇನ್ನೊಂದಕ್ಕೆ ವಾರವೇ ಬೇಕಾಯಿತು. ಆಗಿನಿಂದ ಕೀ ತೆಗೆದರೂ ಕರೆಂಟ್ ಇರುವ ವಯರಿನ ಪಿನ್ನನ್ನೇ ಮೊದಲು ನೋಡುತ್ತೇನೆ. ಯಾವ ಕನೆಕ್ಟರ್ ಅನ್ನುವುದು ನನ್ನ ಹತ್ತಿರವೇ ಇರಲಿ, ಮಾರುವವರೂ ಓದುತ್ತಾರೆ ಅಲ್ವಾ.

ಸ್ಕ್ಯಾನರ್ ಹಾಕಿದರೆ ದೋಷ ತೋರಿಸುವ ಒಂದು ಕೋಡೂ ಇಲ್ಲ. ಮಾರುವವರ ಮುಖ ಅರಳಿತು. ಆದರೆ ಕಾರು ತನ್ನನ್ನೇ ಪರೀಕ್ಷಿಸಿಕೊಳ್ಳುವ ಮಾನಿಟರ್‌ಗಳಲ್ಲಿ ಮುಕ್ಕಾಲು ಪಾಲು ಇನ್ನೂ ಪೂರ್ತಿಯಾಗಿರಲಿಲ್ಲ. ಕೋಡ್ ಅಳಿಸಿದ ಮೇಲೆ ಓಡಿದ ದೂರ ಹದಿನಾಲ್ಕೋ ಹದಿನೈದೋ ಕಿಲೋಮೀಟರ್ ಅಂತ ತೋರಿಸಿತು. ಅಂದರೆ ನಾನು ಬರುವ ಮುಂಚೆಯಷ್ಟೇ ಒರೆಸಿದ್ದಾರೆ. ಅರ್ಧ ಗಂಟೆ ಓಡಿಸಿಕೊಂಡು ಬಂದೆ. ABS ದೀಪ ಹತ್ತಿತು, ಕೋಡ್ U0121, ಅಂದರೆ ABS ಮಾಡ್ಯೂಲ್ ಜೊತೆ ಮಾತುಕತೆ ಕಡಿದಿದೆ. ಈ ಕೋಡ್ ಒಂದೇ ಬಂದಿದ್ದರೆ ಬರೀ ಸಡಿಲ ವಯರ್ ಅಂತಲೂ ಅನ್ನಬಹುದಿತ್ತು. ಬೆಲ್ಟು, ಸ್ಪ್ರಿಂಗು, ಕಿಲುಬು ಜೊತೆಗಿದ್ದಾಗ ಅನ್ನಲಾಗಲ್ಲ.

ಒಂದು ಮಿತಿ ಇದೆ. ನೀರು ಕಾರ್ಪೆಟ್ ನೆನೆಯುವಷ್ಟೇ ಬಂದು ಆ ದಿನವೇ ಒಣಗಿಸಿದ್ದರೆ ನನಗೂ ಸಿಗದೆ ಹೋಗಬಹುದು.

ನಾನು ಬಿಟ್ಟ ಆ ಸೆಡಾನನ್ನು ನಗುತ್ತಿದ್ದವರಲ್ಲೇ ಒಬ್ಬರು ಕೊಂಡರು. ಮೊದಲು ಪವರ್ ವಿಂಡೋ ನಿಂತಿತು, ಆಮೇಲೆ ಏರ್‌ಬ್ಯಾಗ್ ದೀಪ ಹತ್ತಿ ಕೂತಿತು. ಸಿಕ್ಕ ರಿಯಾಯಿತಿಯ ಎರಡರಷ್ಟು ವಯರಿಂಗ್ ಬದಲಿಸಲು ಖರ್ಚಾಗಿದೆಯಂತೆ, ಕಾರು ಇನ್ನೂ ಮಾರಾಟವಾಗಿಲ್ಲ.