ಸೊನ್ನೆಯಾದ ಸೀರಿಯಲ್ ನಂಬರ್

ನಮ್ಮದು ಇನ್ವರ್ಟರ್ ಬ್ಯಾಟರಿ ಅಂಗಡಿ. ಮೊನ್ನೆ ಒಬ್ಬರು ಕೆಟ್ಟ ಬ್ಯಾಟರಿ ತಂದರು. ಅದರ 18 ಅಂಕಿಯ ಸೀರಿಯಲ್ ನಂಬರನ್ನು ಎಕ್ಸೆಲ್‌ನಲ್ಲಿ ಹುಡುಕಿದರೆ ಸಿಗಲೇ ಇಲ್ಲ. ನೋಡಿದರೆ, ಆ ಲಾಟ್‌ನ ಹತ್ತೂ ಬ್ಯಾಟರಿಗಳ ನಂಬರ್ ಒಂದೇ, ಕೊನೆಗೆ ಮೂರು ಸೊನ್ನೆ!

ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ, ಮುಂದಿನದೆಲ್ಲ ಸೊನ್ನೆ. ಹೋದ ಅಂಕಿ ಮತ್ತೆ ಬರುವುದಿಲ್ಲ. ಹಳೆಯ ಬಿಲ್ ಕಾಪಿಗಳನ್ನು ತೆಗೆದು, ಎಲ್ಲವನ್ನೂ ಕೂತು ಮತ್ತೆ ಹೊಡೆಯಬೇಕಾಯಿತು.

ಈ ಸಲ ನಂಬರ್ ಹೊಡೆಯುವ ಮೊದಲೇ ಕಾಲಂ ಅನ್ನು Text ಮಾಡಿದೆ. ಆದರೂ ಡಬಲ್ ಎಂಟ್ರಿ ಹುಡುಕಲು ಹಾಕಿದ್ದ COUNTIF ಹತ್ತನ್ನೂ ಒಂದೇ ಎಂದಿತು. ಅದು ಟೆಕ್ಸ್ಟನ್ನೂ ಸಂಖ್ಯೆಯಾಗಿಯೇ ಓದುತ್ತದೆ. ಅದರ ಬದಲು ಇದನ್ನು ಹಾಕಿದ ಮೇಲೆ ಸರಿಹೋಯಿತು:

```
=SUMPRODUCT(--($A$2:$A$500=A2))
```

ಇನ್ನೊಂದು ಕೆಲಸ ಮಾಡಿದೆ. ಬದಲಿ ಬ್ಯಾಟರಿ ಕೊಟ್ಟಾಗ ಹೊಸ ಸೀರಿಯಲ್‌ಗೆ ಹೊಸ ಸಾಲು, ಪಕ್ಕದಲ್ಲಿ ಹಳೆಯ ಸೀರಿಯಲ್, ಕ್ಲೇಮ್ ನಂಬರ್. ಬಿಲ್ ನಂಬರ್, ತಾರೀಕು ಮಾತ್ರ ಮೊದಲಿನದೇ. ನಮಗೆ ಬರುವ ಬ್ಯಾಟರಿಗಳ ವಾರಂಟಿ ಮೊದಲ ಬಿಲ್‌ನಿಂದಲೇ ಎಣಿಕೆ, ಬದಲಿ ಕೊಟ್ಟ ದಿನದಿಂದ ಅಲ್ಲ. ಗಿರಾಕಿಗೆ ಇದನ್ನು ಆಗಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಯಾಕೆ ಅಲ್ವಾ?