ಟೋಕನ್‌ಗೊಂದು ವೆಕ್ಟರ್: ಹುಡುಕಾಟಕ್ಕೆ ಅಳವಡಿಸುವುದು ಹೇಗೆ?

ಅಡಿಕೆ ಕೃಷಿಯ ಉದ್ದನೆಯ ಪುಟವೊಂದರಲ್ಲಿ ನೀರಾವರಿ, ಗೊಬ್ಬರ, ಕೊಯ್ಲು ಎಲ್ಲವೂ ಇವೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಬಗ್ಗೆ ಇರುವುದು ಎರಡೇ ಸಾಲು. ಇಡೀ ಪುಟದ ಅರ್ಥವನ್ನು ಅಂಕಿಗಳ ಒಂದೇ ಪಟ್ಟಿಗೆ, ಅಂದರೆ ಒಂದೇ ವೆಕ್ಟರ್‌ಗೆ, ಇಳಿಸಿದರೆ ಆ ಎರಡು ಸಾಲು ಉಳಿದದ್ದರಲ್ಲಿ ಕರಗಿಹೋಗುತ್ತವೆ. ‘ಅಡಿಕೆ ಕೊಳೆ ದ್ರಾವಣ’ ಎಂದು ಹುಡುಕಿದವರಿಗೆ ಅಡಿಕೆ ಧಾರಣೆಯ ಪುಟ ಮೇಲೆ ಬಂದರೆ ಆಶ್ಚರ್ಯವಿಲ್ಲ.

2020ರಲ್ಲಿ ಒಮರ್ ಖಟ್ಟಾಬ್ ಮತ್ತು ಮಾತೇಯ್ ಜಹಾರಿಯಾ ಪ್ರಕಟಿಸಿದ ಕೋಲ್‌ಬರ್ಟ್ ಎಂಬ ಹುಡುಕಾಟದ ಮಾದರಿ ಪ್ರತಿ ಟೋಕನ್‌ಗೂ, ಅಂದರೆ ಪ್ರತಿ ಪದಕ್ಕೂ ಅಥವಾ ಪದದ ತುಂಡಿಗೂ, 128 ಅಂಕಿಗಳ ಒಂದು ವೆಕ್ಟರ್ ಉಳಿಸಿಕೊಳ್ಳುತ್ತದೆ. ಪುಟಗಳ ವೆಕ್ಟರ್‌ಗಳನ್ನು ಮೊದಲೇ ಲೆಕ್ಕಹಾಕಿ ಇಡಬಹುದು. ಪ್ರಶ್ನೆ ಬಂದಾಗ ಹೋಲಿಕೆಯಷ್ಟೇ ಬಾಕಿ.

ಹೋಲಿಕೆಯ ಕ್ರಮ ಹೀಗೆ: ಪ್ರಶ್ನೆಯ ಒಂದೊಂದು ಟೋಕನ್‌ಗೂ ಪುಟದಲ್ಲಿ ಅತಿ ಹತ್ತಿರದ ಟೋಕನ್ ಹುಡುಕಿ, ಆ ಗರಿಷ್ಠ ಅಂಕಗಳನ್ನು ಕೂಡಿಸಿ. ಲೆಕ್ಕ ಸುಲಭವಾಗಲೆಂದು ಪದಕ್ಕೊಂದೇ ಟೋಕನ್ ಎಂದುಕೊಳ್ಳೋಣ. ಕೃಷಿಯ ಪುಟಕ್ಕೆ 0.90, 0.80, 0.85 ಬಂದರೆ ಮೊತ್ತ 2.55. ಧಾರಣೆಯ ಪುಟಕ್ಕೆ ‘ಅಡಿಕೆ’ಯಲ್ಲಿ 0.95 ಸಿಕ್ಕರೂ ಉಳಿದೆರಡರಲ್ಲಿ 0.30, 0.25 ಮಾತ್ರ ಬಂದರೆ ಮೊತ್ತ 1.50.

```python
S = Q @ D.T
S[:, pad] = -1e9
score = S.max(axis=1).sum()
```

Q ಎಂದರೆ ಪ್ರಶ್ನೆಯ, D ಎಂದರೆ ಪುಟದ ಟೋಕನ್ ವೆಕ್ಟರ್‌ಗಳು; ಎರಡನ್ನೂ ಮೊದಲೇ ಉದ್ದ 1ಕ್ಕೆ ಸರಿಹೊಂದಿಸಿರಬೇಕು. ಎರಡನೇ ಸಾಲನ್ನು ಬಿಡಬೇಡಿ. ಬಿಟ್ಟರೆ, ಪುಟಗಳ ಅಳತೆ ಸಮ ಮಾಡಲು ತುಂಬಿದ, pad ಗುರುತಿಸುವ ಖಾಲಿ ಟೋಕನ್‌ಗಳೂ ಗರಿಷ್ಠದ ಪೈಪೋಟಿಗೆ ಇಳಿಯುತ್ತವೆ. ಒಂದೆರಡು ಸಾಲಿನ ಪುಟಗಳು ವಿನಾಕಾರಣ ಮೇಲೇರುತ್ತಿದ್ದರೆ ಮೊದಲು ಇಲ್ಲಿ ನೋಡಿ.

ದೊಡ್ಡ ಖರ್ಚು ಜಾಗದ್ದು. 768 ಅಂಕಿಗಳ ಒಂದು ವೆಕ್ಟರ್‌ಗೆ, ಅಂಕಿಗೆ 4 ಬೈಟ್‌ನಂತೆ, 3,072 ಬೈಟ್ ಸಾಕು. 150 ಟೋಕನ್‌ಗಳ ಪುಟವನ್ನು ಕೋಲ್‌ಬರ್ಟ್‌ನಲ್ಲಿ ಅಂಕಿಗೆ 2 ಬೈಟ್‌ನಂತೆ ಇಟ್ಟರೂ 38,400 ಬೈಟ್ ಬೇಕು. ಎರಡನೇ ಆವೃತ್ತಿ ಇದಕ್ಕೊಂದು ಒಳ್ಳೆಯ ದಾರಿ ಕಂಡುಕೊಂಡಿತು: ಒಂದನ್ನೊಂದು ಹೋಲುವ ವೆಕ್ಟರ್‌ಗಳನ್ನು ಗುಂಪು ಮಾಡಿ, ಪ್ರತಿ ಟೋಕನ್‌ಗೂ ಹತ್ತಿರದ ಗುಂಪಿನ ಕೇಂದ್ರ ಯಾವುದೆಂದು ಬರೆದಿಟ್ಟು, ಅಲ್ಲಿಂದ ಇರುವ ವ್ಯತ್ಯಾಸವನ್ನು ಅಂಕಿಗೆ 2 ಬಿಟ್‌ನಲ್ಲಿ ಉಳಿಸುವುದು. ಆಗ ಕೇಂದ್ರದ ಗುರುತಿಗೆ 4, ವ್ಯತ್ಯಾಸಕ್ಕೆ 32 ಸೇರಿ ಟೋಕನ್‌ಗೆ 36 ಬೈಟ್, ಪುಟಕ್ಕೆ 5,400.

ಚಿಕ್ಕ ಸಂಗ್ರಹವಿದ್ದರೆ ಒಂಟಿ ವೆಕ್ಟರ್‌ನಿಂದ ಮೊದಲ 100 ಪುಟ ತೆಗೆದು, ಅವುಗಳ ಕ್ರಮವನ್ನಷ್ಟೇ ಟೋಕನ್ ಹೋಲಿಕೆಯಿಂದ ಬದಲಿಸುವುದು ಅಗ್ಗದ ಆರಂಭ. ಆದರೆ ಸರಿಯಾದ ಪುಟ ಆ ನೂರರಲ್ಲೇ ಇಲ್ಲದಿದ್ದರೆ ಎರಡನೇ ಹಂತ ಏನೂ ಮಾಡಲಾರದು. ಉತ್ತರ ಗೊತ್ತಿರುವ ಐವತ್ತು ಪ್ರಶ್ನೆಗಳನ್ನಿಟ್ಟುಕೊಂಡು, ಎಷ್ಟಕ್ಕೆ ಸರಿಯಾದ ಪುಟ ನೂರರೊಳಗೆ ಬಂತೆಂದು ಮೊದಲು ಎಣಿಸಿ.

ಕನ್ನಡಕ್ಕೆ ಇನ್ನೊಂದು ಎಚ್ಚರ. ಬಹುಭಾಷಾ ಮಾದರಿಗಳು ‘ದ್ರಾವಣವನ್ನು’ ಎಂಬಂಥ ಪದವನ್ನು ಹಲವು ತುಂಡು ಮಾಡುತ್ತವೆ. ಮೂಲ ಕೋಲ್‌ಬರ್ಟ್‌ನಲ್ಲಿ ಪ್ರಶ್ನೆಗೆ 32 ಟೋಕನ್‌ಗಳ ಮಿತಿಯಿದೆ. ಅದನ್ನು ದಾಟಿದ ಭಾಗ ಸದ್ದಿಲ್ಲದೆ ಕತ್ತರಿಸಿಹೋಗುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ಸಿಂಪಡಿಸಬಹುದೇ’ ಎಂಬುದೇ ಬಿಟ್ಟುಹೋದೀತು. ನಿಮ್ಮ ಪ್ರಶ್ನೆಗಳು ಎಷ್ಟು ಟೋಕನ್ ಆಗುತ್ತವೆ ಎಂದು ಮುದ್ರಿಸಿ ನೋಡಿ, ಬೇಕಿದ್ದರೆ ಮಿತಿಯನ್ನು 64ಕ್ಕೆ ಏರಿಸಿ ಫಲಿತಾಂಶ ಹೋಲಿಸಿ.